ಕೊನೆಯ ಪುಟದಿಂದ ಮೊದಲ ಸಾಲಿಗೆ

ಮೈಸೂರಿನ ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಹತ್ತಿಪ್ಪತ್ತು ವರ್ಷ ಸವೆಸಿದ ಗುಮಾಸ್ತರ ಕೈಗೆ ಹೊಸದೊಂದು ಸರ್ಕಾರಿ ಆದೇಶ ಕೊಟ್ಟು ನೋಡಿ. ಮೊದಲ ಪುಟದ ಮೇಲೆ ಅವರ ಕಣ್ಣು ನಿಲ್ಲುವುದೇ ಇಲ್ಲ. ಸರಸರನೆ ಹಾಳೆ ಮಗುಚಿ ಕೊನೆಯ ಪುಟಕ್ಕೆ ಹೋಗುತ್ತಾರೆ, ಅಲ್ಲಿಂದ ಮೇಲಕ್ಕೆ ಹತ್ತುತ್ತಾರೆ. ಆದೇಶದ ಸಾರ ಎಲ್ಲಿ ಕೂತಿದೆ ಎಂಬುದು ಅವರಿಗೆ ಗೊತ್ತು.

ಆ ಆದೇಶದ ಮೈಕಟ್ಟು ಹೀಗಿರುತ್ತದೆ. ನೆತ್ತಿಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’. ಅದರ ಕೆಳಗೆ ‘ವಿಷಯ’. ಆಮೇಲೆ ‘ಓದಲಾಗಿದೆ’ ಎಂಬ ತಲೆಬರಹದಡಿ ಹಿಂದಿನ ಪತ್ರ, ಆದೇಶಗಳ ಸಾಲು. ನಂತರ ‘ಪ್ರಸ್ತಾವನೆ’: ಯಾರು ಕೇಳಿದರು, ಯಾವ ಇಲಾಖೆ ಏನೆಂದಿತು, ಹಣಕಾಸಿನವರು ಒಪ್ಪಿದರೋ ಇಲ್ಲವೋ. ಇಷ್ಟೆಲ್ಲ ಮುಗಿದ ಮೇಲೆ ಆದೇಶ ಸಂಖ್ಯೆ, ದಿನಾಂಕ, ಅದರ ಕೆಳಗೆ ಆದೇಶ. ಆ ಆದೇಶವೂ ‘ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ’ ಎಂದೇ ಸಾಮಾನ್ಯವಾಗಿ ಆರಂಭವಾಗುತ್ತದೆ. ಇದು ನಿನ್ನೆ ಮೊನ್ನೆಯ ಅಚ್ಚಲ್ಲ. ಮಹಾರಾಜರ ಕಾಲದ ಮೈಸೂರು ಸರ್ಕಾರವೂ ತನ್ನ ನಡವಳಿಗಳನ್ನು ಇಂಗ್ಲಿಷಿನಲ್ಲಿ ಇದೇ ಕ್ರಮದಲ್ಲಿ ಹೊರಡಿಸುತ್ತಿತ್ತು. ಮೊದಲು ಓದಿದ ಕಾಗದಗಳು, ಕೊನೆಗೆ ಅವುಗಳ ಮೇಲಿನ ಆದೇಶ.

ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಈ ಕ್ರಮಕ್ಕೆ ಅದರದೇ ಆದ ಬುದ್ಧಿ ಇದೆ. ನಡವಳಿಯ ನಿಜವಾದ ಓದುಗ ಇವತ್ತು ಅವಸರದಲ್ಲಿರುವವನಲ್ಲ. ಐದು ವರ್ಷದ ನಂತರ ಕಡತ ಬಿಚ್ಚುವ ಲೆಕ್ಕಪರಿಶೋಧಕ, ಇಲ್ಲವೇ ‘ಏಕೆ ಹೀಗೆ ತೀರ್ಮಾನಿಸಿದಿರಿ’ ಎಂದು ಕೇಳುವ ನ್ಯಾಯಾಲಯ. ಅವರಿಗೆ ಬೇಕಾದದ್ದು ತೀರ್ಮಾನಕ್ಕೆ ಬಂದ ದಾರಿ. ಆದ್ದರಿಂದ ದಾರಿ ಮೊದಲು, ಊರು ಆಮೇಲೆ. ತೊಂದರೆ ಹುಟ್ಟಿದ್ದು ಕಡತದ ಈ ಕ್ರಮ ನಮ್ಮ ಕೈಗೆ ಅಂಟಿಕೊಂಡು, ‘ಕೆಲಸ ಎಲ್ಲಿಗೆ ಬಂತು?’ ಎಂಬ ಪ್ರಶ್ನೆಗೂ ಪ್ರಸ್ತಾವನೆಯಿಂದಲೇ ಉತ್ತರಿಸತೊಡಗಿದಾಗ.

ಇಂಥ ನಡವಳಿಗಳು ಹೊರಡುತ್ತಿದ್ದ ಕಾಲದಲ್ಲೇ, ಅದೇ ಊರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬರವಣಿಗೆ ಬದುಕಿತ್ತು. ಅದು ತಂತಿ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಅದಕ್ಕೂ ಮೊದಲು ದೂರದ ಊರಿನಲ್ಲಿ ಮಗನಿದ್ದ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಒಕ್ಕಣೆಯಿತ್ತು: ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’. ನಾಲ್ಕೇ ಪದ. ಪದಕ್ಕಿಷ್ಟು ಎಂದು ಕಾಸು ಕೊಡಬೇಕಿದ್ದುದರಿಂದ ಚುಟುಕಾಯಿತು ಎನ್ನುತ್ತೇವೆ. ಆದರೆ ಕಾಸಿನ ಭಯ ಪದಗಳನ್ನು ಕಡಿಮೆ ಮಾಡಿದ್ದಷ್ಟೇ ಅಲ್ಲ, ಯಾವುದು ಉಳಿಯಬೇಕು ಎಂಬುದನ್ನೂ ತೀರ್ಮಾನಿಸಿತು. ಮೊದಲೆರಡು ಪದ ಪರಿಸ್ಥಿತಿ, ಉಳಿದೆರಡು ಪದ ಓದಿದವನು ಮಾಡಬೇಕಾದ ಕೆಲಸ. ಜ್ವರ ಯಾವಾಗ ಬಂತು, ಯಾವ ಡಾಕ್ಟರು ನೋಡಿದರು ಎಂಬುದಕ್ಕೆಲ್ಲ ಹಿಂದಿನಿಂದ ಕಾಗದ ಬರುತ್ತಿತ್ತು. ಅದೂ ‘ಉಭಯಕುಶಲೋಪರಿ’ ಎಂದೇ ಆರಂಭವಾಗುತ್ತಿತ್ತು ಅನ್ನಿ.

ತಂತಿಗೆ ಒಂದು ಕಪಟವೂ ಇತ್ತು. ಹೋಗಿಬಿಟ್ಟಿದ್ದಾರೆ ಎಂದು ಬರೆಯಲು ಕೈ ಬಾರದೆ ‘ಸೀರಿಯಸ್’ ಎಂದು ಬರೆಯುತ್ತಿದ್ದರು. ರಜೆ ಬೇಕಾದವರೂ ಊರಿನಿಂದ ಅದನ್ನೇ ಹೊಡೆಸುತ್ತಿದ್ದರು. ಹೀಗಾಗಿ ಮೇಲಧಿಕಾರಿಗಳು ಈ ನಾಲ್ಕು ಪದವನ್ನು ಅನುಮಾನದಿಂದಲೇ ಓದುತ್ತಿದ್ದರು. ತೀರ್ಮಾನವನ್ನು ಮೊದಲಿಗಿಟ್ಟು ಕಾರಣವನ್ನು ಪೂರ್ತಿ ಕೈಬಿಟ್ಟರೆ ಹೀಗೇ ಆಗುವುದು. ಕಾರಣ ಹಿಂದೆ ಸರಿಯಬೇಕು, ಮಾಯವಾಗಬಾರದು.

ತೀರ್ಮಾನ ಮೊದಲು ಎಂಬ ಈ ಕ್ರಮ ಕಚೇರಿಯ ಬರಹಕ್ಕೆ ನಿಯಮವಾಗಿ ಬಂದದ್ದರಲ್ಲಿ ಯುದ್ಧ, ಸೈನ್ಯದ ಪಾಲೂ ಇದೆ. 1940ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಸಹೋದ್ಯೋಗಿಗಳಿಗೂ ಅವರ ಸಿಬ್ಬಂದಿಗೂ ಒಂದು ಟಿಪ್ಪಣಿ ಕಳಿಸಿ, ವರದಿಗಳು ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿರಲಿ, ಅಂಕಿಅಂಶ ಅನುಬಂಧಕ್ಕೆ ಹೋಗಲಿ ಎಂದರು. ಆದರೆ ಅವರ ಒತ್ತು ಇದ್ದದ್ದು ಚುಟುಕಿನ ಮೇಲೆ. ತೀರ್ಮಾನ ಇಂಥ ಕಡೆಯೇ ಇರಬೇಕು ಎಂದು ಜಾಗ ಗೊತ್ತು ಮಾಡಿದ್ದು ಅಮೆರಿಕದ ಸೈನ್ಯ. 1986ರಲ್ಲಿ ಅದು ತನ್ನ ಅಧಿಕಾರಿಗಳಿಗಾಗಿ ಬರವಣಿಗೆಯದೇ ಕೈಪಿಡಿಯೊಂದನ್ನು ಹೊರತಂದಿತು. ಶಿಫಾರಸೋ ತೀರ್ಮಾನವೋ ಬರೆಯುತ್ತಿರುವ ಕಾರಣವೋ ಮೊದಲನೆಯ ಅಥವಾ ಎರಡನೆಯ ಪ್ಯಾರಾದಲ್ಲೇ ಇರಬೇಕು, ಕೊನೆಯಲ್ಲಲ್ಲ ಎಂದು ಅದು ಹೇಳಿತು. ಈ ರೂಢಿ ಅಮೆರಿಕದ ಕಂಪನಿಗಳಲ್ಲೂ ಇತ್ತು, ಅವರ ಕೆಲಸದ ಜೊತೆಗೇ ನಮ್ಮಲ್ಲಿಗೂ ಬಂತು.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಸಾಫ್ಟ್‌ವೇರ್ ಕಚೇರಿಗಳು ಎದ್ದ ಮೇಲೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಕಾರಣ ಗಡಿಯಾರ. ಇಲ್ಲಿ ಸಂಜೆ 6 ಗಂಟೆಗೆ ಮೇಲ್ ಕಳಿಸಿ ಮನೆಗೆ ಹೊರಟರೆ, ಬೇಸಿಗೆಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆಗ ಬೆಳಿಗ್ಗೆ 7:30. ಅಲ್ಲಿಯವರು ಕಾಫಿ ಹಿಡಿದು, ರಾತ್ರಿಯಿಡೀ ಬಂದ ಮೇಲ್‌ಗಳ ನಡುವೆ ಇದನ್ನೂ ಫೋನಿನಲ್ಲಿ ನೋಡುತ್ತಾರೆ. ಅರ್ಥವಾಗದಿದ್ದರೆ ಎದ್ದು ಬಂದು ಪಕ್ಕದ ಮೇಜಿನವರನ್ನು ಕೇಳುವ ಹಾಗಿಲ್ಲ. ಕೇಳಬೇಕಾದವರು ಮೈಸೂರಿನಲ್ಲಿ ಆಗಲೇ ಕಚೇರಿ ಬಿಟ್ಟು ಮನೆಗೆ ಹೊರಟಿರುತ್ತಾರೆ. ಒಂದು ಸಾಲು ಕಣ್ಣು ತಪ್ಪಿದರೆ ಒಂದು ದಿನವೇ ಹೋಯಿತು.

ಉದಾಹರಣೆಗೆ ಒಂದು ಸಂದೇಶ ಕಟ್ಟಿಕೊಳ್ಳೋಣ. ಡಲ್ಲಾಸ್‌ನ ಕಂಪನಿಯೊಂದರ ಸಂಬಳದ ಲೆಕ್ಕ ಇಲ್ಲಿಂದ ನಡೆಯುತ್ತದೆ. ತಂಡದ ಹುಡುಗನೊಬ್ಬ ಬರೆಯುತ್ತಾನೆ:

‘ನಿನ್ನೆ ಸಂಜೆ 6ಕ್ಕೆ ಸಂಬಳದ ಲೆಕ್ಕ ಶುರು ಮಾಡಿದೆವು. ರಾತ್ರಿ 9ಕ್ಕೆ ಡಿಸ್ಕ್‌ನಲ್ಲಿ ಜಾಗ ಸಾಲದೆ ನಿಂತಿತು. ಸರ್ವರ್ ತಂಡಕ್ಕೆ ತಿಳಿಸಿದೆವು. ಅವರು ರಾತ್ರಿ 2ಕ್ಕೆ ಜಾಗ ಕೊಟ್ಟರು. ಮತ್ತೆ ಮೊದಲಿನಿಂದ ಓಡಿಸಿದೆವು. 4200 ನೌಕರರಲ್ಲಿ 3900 ಜನರದು ಮುಗಿದಿದೆ. ಉಳಿದ 300 ಜನರಿಗೆ ಅವರಿರುವ ರಾಜ್ಯದ ಹೊಸ ತೆರಿಗೆ ಕೋಷ್ಟಕ ಹಾಕಬೇಕಿದ್ದು ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಬ್ಯಾಂಕಿಗೆ ಫೈಲ್ ಕಳಿಸಲು ನಿಮ್ಮ ಸಮಯ ಇಂದು ಮಧ್ಯಾಹ್ನ 2 ಕೊನೆ.’

ಸುಳ್ಳಿಲ್ಲ, ಬಿಟ್ಟುಹೋದದ್ದಿಲ್ಲ. ಆದರೆ ಮೊದಲ ಐದು ವಾಕ್ಯ ಆಗಲೇ ಬಗೆಹರಿದ ತೊಂದರೆಯ ಕಥೆ. ಹುಡುಗನಿಗೆ ಅದೇ ದೊಡ್ಡದು, ರಾತ್ರಿ ನಿದ್ದೆಗೆಟ್ಟವನು ಅವನು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವುದರ ಹಿಂದೆ ಸೋಮಾರಿತನಕ್ಕಿಂತ ಹೆಚ್ಚಾಗಿ ‘ಪಟ್ಟ ಪಾಡು ಗೊತ್ತಾಗಲಿ’ ಎಂಬ ಆಸೆ ಇರುತ್ತದೆ. ಅದನ್ನು ತಪ್ಪೆನ್ನಲಾರೆ. ಓದುವವರಿಗೆ ಮಾತ್ರ ಬೇಕಾದದ್ದು ಕೊನೆಯ ಎರಡು ವಾಕ್ಯ, ಅಲ್ಲಿಗೆ ತಲುಪುವ ಮೊದಲೇ ಅವರ ಬೆರಳು ಮುಂದಿನ ಮೇಲ್‌ಗೆ ಜಾರಿರುತ್ತದೆ.

‘ತೀರ್ಮಾನ ಮೊದಲು ಬರಿ’ ಎಂದು ತಂಡದ ಹಿರಿಯರು ಹೇಳಿದರೆ, ಮೊದಲ ಸಲ ಬರುವ ತಿದ್ದುಪಡಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಂಬಳದ ಲೆಕ್ಕ ಬಹುತೇಕ ಮುಗಿದಿದೆ. ಕೆಲವು ವಿಷಯ ಬಾಕಿ ಇದೆ, ವಿವರ ಕೆಳಗಿದೆ.’ ಚಿಕ್ಕದಾಯಿತು, ಮೊದಲಿಗೂ ಬಂತು. ಆದರೂ ತೀರ್ಮಾನವಲ್ಲ, ಪ್ರಸ್ತಾವನೆಯ ಸಂಕ್ಷೇಪ. ಇದನ್ನು ಪತ್ತೆ ಹಚ್ಚುವುದು ಹೇಗೆ? ಆ ಎರಡು ಸಾಲಿನ ಕೆಳಗಿರುವುದನ್ನೆಲ್ಲ ಅಂಗೈಯಿಂದ ಮುಚ್ಚಿ, ಓದಿದವನು ಈಗ ಏನು ಮಾಡಬೇಕೆಂದು ಕೇಳಿ. ‘ಕೆಳಗೆ ಓದಬೇಕು’ ಎಂಬುದೇ ಉತ್ತರವಾದರೆ ಆ ಎರಡು ಸಾಲು ದಂಡ.

ಸರಿಯಾದದ್ದು ಹೀಗೆ: ‘300 ನೌಕರರ ಸಂಬಳ ತಡವಾಗಬಹುದು, 3900 ಸರಿಯಾಗಿದೆ. ಹೊಸ ತೆರಿಗೆ ಕೋಷ್ಟಕಕ್ಕೆ ನಿಮ್ಮ ಒಪ್ಪಿಗೆ ನಿಮ್ಮ ಸಮಯ ಇಂದು ಮಧ್ಯಾಹ್ನ 2ರೊಳಗೆ ಬೇಕು.’ ಒಂದು ಸಾಲು ಖಾಲಿ. ಅದರ ಕೆಳಗೆ ಡಿಸ್ಕ್ ಕಥೆ, ರಾತ್ರಿ 2 ಗಂಟೆ, ಎಲ್ಲವೂ. ಹುಡುಗನ ರಾತ್ರಿ ಎಲ್ಲೂ ಅಳಿದುಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ತಂತಿಯ ನಾಲ್ಕು ಪದಗಳ ಅದೇ ಕಟ್ಟು ಇಲ್ಲೂ ಇದೆ: ಪರಿಸ್ಥಿತಿ, ಅದರ ಬೆನ್ನಿಗೇ ಮಾಡಬೇಕಾದದ್ದು.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಗಂಟು ಬಿಚ್ಚಬೇಕಾಗುತ್ತದೆ, ಇಂಗ್ಲಿಷಿನ ಕೈಪಿಡಿಗಳು ಅದನ್ನು ಹೇಳಿಕೊಡುವುದಿಲ್ಲ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಇಲ್ಲ’ ಎಂಬುದೂ ಅಲ್ಲೇ ಕಾದಿರುತ್ತದೆ. ‘ರಾಜ್ಯದ ಹೊಸ ತೆರಿಗೆ ಕೋಷ್ಟಕ ಅನ್ವಯವಾಗುವ 300 ನೌಕರರ ಸಂಬಳ ನಾಳೆ ಬೆಳಿಗ್ಗೆ ಬ್ಯಾಂಕಿಗೆ ಜಮೆ’ ಎಂಬಲ್ಲಿಗೆ ಫೋನಿನ ಪರದೆ ಸಾಲನ್ನು ಕತ್ತರಿಸಿ ಮೂರು ಚುಕ್ಕಿ ಇಟ್ಟರೆ, ಆಗುತ್ತದೋ ಇಲ್ಲವೋ ದೇವರೇ ಬಲ್ಲ. ತೀರ್ಮಾನವನ್ನು ಮೊದಲ ವಾಕ್ಯಕ್ಕೆ ತಂದದ್ದೇನೋ ನಿಜ, ಆದರೆ ಅದು ಆ ವಾಕ್ಯದ ಬಾಲದಲ್ಲಿ ಕೂತಿದೆ. ಆದ್ದರಿಂದ ಕನ್ನಡದಲ್ಲಿ ಮೊದಲ ವಾಕ್ಯ ಮೊದಲಿಗೆ ಬಂದರೆ ಸಾಲದು, ಗಿಡ್ಡವಾಗಿಯೂ ಇರಬೇಕು. ವಿಶೇಷಣಗಳ ಮೆರವಣಿಗೆ ಎರಡನೆಯ ವಾಕ್ಯಕ್ಕೆ ಹೋಗಲಿ. ಪತ್ರಿಕೆಯ ಶೀರ್ಷಿಕೆ ಬರೆಯುವವರಿಗೆ ಈ ಉಪಾಯ ಗೊತ್ತು: ‘ಸಂಬಳ ತಡ’ ಎಂದು ಹೆಸರಿಗೆ ಹೆಸರು ಜೋಡಿಸಿ ಕ್ರಿಯಾಪದವನ್ನೇ ಬಿಟ್ಟುಬಿಡುತ್ತಾರೆ.

ಇನ್ನು, ತೀರ್ಮಾನ ಎಂದರೆ ಯಾರ ತೀರ್ಮಾನ? ಇದಕ್ಕೆ ಕನ್ನಂಬಾಡಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಮಳೆಗಾಲದಲ್ಲಿ ಮೈಸೂರಿನ ಪತ್ರಿಕೆಗಳಲ್ಲಿ, ವಾಟ್ಸಾಪ್‌ನಲ್ಲಿ ದಿನವೂ ಬರುವ ಚೌಕಟ್ಟು ಎಲ್ಲರಿಗೂ ಪರಿಚಿತ: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಬೆಳೆಗೆ ನೀರು ಕಾಯುತ್ತಿರುವ ಮಂಡ್ಯದ ರೈತನಿಗೆ ಇಂದಿನ ಮಟ್ಟವೇ ಸುದ್ದಿ. ಆದರೆ ಅಣೆಕಟ್ಟೆಯ ಕೆಳಗೆ, ಶ್ರೀರಂಗಪಟ್ಟಣದ ನದಿ ದಂಡೆಯಲ್ಲಿ ದನ ಕಟ್ಟಿಕೊಂಡವರಿಗೆ ಹೊರಹರಿವು ಮಾತ್ರ ಸುದ್ದಿ, ಅಣೆಕಟ್ಟೆ ಎಷ್ಟು ತುಂಬಿದೆ ಎಂಬುದಲ್ಲ. ಹೊರಹರಿವು ಏರಿತೆಂದರೆ ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲುತ್ತದೆ, ಮಕ್ಕಳನ್ನು ಕರೆದುಕೊಂಡು ಹೊರಟ ಮೈಸೂರಿನವರಿಗೆ ಅದಷ್ಟೇ ಸುದ್ದಿ. ನಾಲ್ಕೂ ಅಂಕಿಗಳು ಎಲ್ಲರಿಗೂ ಒಂದೇ, ಮೊದಲ ಸಾಲು ಮಾತ್ರ ಮೂವರಿಗೂ ಬೇರೆ ಬೇರೆ. ಅಂಕಿ ಕೊಟ್ಟವರು ತೀರ್ಮಾನ ಕೊಟ್ಟಂತಾಗಲಿಲ್ಲ. ಇಷ್ಟು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು. ಅದು ತನ್ನ ಹೊಲದವರೆಗೆ ಬರುತ್ತದೋ ಇಲ್ಲವೋ ಎಂಬ ಗುಣಾಕಾರವನ್ನು ದಂಡೆಯ ಮೇಲಿನವನು ಕತ್ತಲಲ್ಲಿ ಮಾಡಲಾರ. ನದಿಪಾತ್ರದವರಿಗೆ ಹೋಗುವ ಎಚ್ಚರಿಕೆಯಲ್ಲಿ ಜಲಾನಯನ ಪ್ರದೇಶದ ಮಳೆ, ಒಳಹರಿವು, ಹಿಂದಿನ ಪತ್ರದ ಉಲ್ಲೇಖ ಎಲ್ಲ ಮುಗಿದ ಮೇಲೆ ‘ಸುರಕ್ಷಿತ ಸ್ಥಳಕ್ಕೆ ತೆರಳುವುದು’ ಎಂದಿದ್ದರೆ, ಅದು ನಡವಳಿಯ ಕ್ರಮದಲ್ಲಿ ಬರೆದ ತಂತಿ. ‘ಇಂದು ರಾತ್ರಿ ದನಕರು ಮೇಲೆ ಹೊಡೆದುಕೊಂಡು ಬನ್ನಿ, ನೀರು ಬಿಡುತ್ತಿದ್ದೇವೆ’ ಎಂಬುದು ಮೊದಲು ಬರಲಿ. ಮಳೆಯ ಲೆಕ್ಕ ಕೆಳಗಿರಲಿ.

ಹಾಗಾದರೆ ತೀರ್ಮಾನವೇ ಆಗಿಲ್ಲದಿದ್ದಾಗ? ಬಹಳ ಜನ ಎಡವುವುದು ಇಲ್ಲೇ. ಏನೂ ಇತ್ಯರ್ಥವಾಗದಾಗ ಮೊದಲ ಸಾಲಿನಲ್ಲಿ ಇಡಲು ಏನೂ ಇಲ್ಲವೆಂದುಕೊಂಡು ಮತ್ತೆ ಕಥೆ ಶುರು ಮಾಡುತ್ತಾರೆ, ಇಲ್ಲವೇ ಧೈರ್ಯ ಮಾಡಿ ಊಹೆಯನ್ನೇ ತೀರ್ಮಾನವೆಂದು ಬರೆದು ಮರುದಿನ ಸಿಕ್ಕಿಬೀಳುತ್ತಾರೆ. ಗೊತ್ತಿಲ್ಲದಿರುವುದೂ ಒಂದು ಪರಿಸ್ಥಿತಿಯೇ, ಯಾವಾಗ ಗೊತ್ತಾಗುತ್ತದೆ ಎಂಬ ಗಂಟೆ ಜೊತೆಗಿದ್ದರೆ. ‘ನೀರು ಬಿಡುವುದು ಇನ್ನೂ ತೀರ್ಮಾನವಾಗಿಲ್ಲ. ರಾತ್ರಿ 8ಕ್ಕೆ ಹೇಳುತ್ತೇವೆ. ಅಲ್ಲಿಯವರೆಗೆ ನದಿಗೆ ಇಳಿಯಬೇಡಿ.’ ಇಷ್ಟು ಓದಿದವನು 8 ಗಂಟೆಯವರೆಗೆ ಹತ್ತು ಜನಕ್ಕೆ ಫೋನ್ ಮಾಡುವುದಿಲ್ಲ. ಆದರೆ 8ಕ್ಕೆ ಸಂದೇಶ ಬರದಿದ್ದರೆ 8:05ಕ್ಕೆ ಮಾಡುತ್ತಾನೆ.