ಗೈಡಿಗೆ ಒಂದು ಪುಟ

ಪಿಎಚ್.ಡಿ. ಮಹಾಪ್ರಬಂಧದಲ್ಲಿ ಪ್ರಮಾಣಪತ್ರಗಳ ಆಸುಪಾಸಿನಲ್ಲಿ ಕೃತಜ್ಞತೆಯ ಪುಟ ಬರುತ್ತದೆ. ಬಹಳಷ್ಟು ಸಂಶೋಧಕರು ಇದನ್ನು ಬರೆಯುವುದು ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ. ಎದುರಿಗೆ ಹಿರಿಯ ವಿದ್ಯಾರ್ಥಿಯ ಪ್ರಬಂಧ ತೆರೆದಿರುತ್ತದೆ. 2018ರ ಯುಜಿಸಿ ನಿಯಮದಂತೆ ಕೃತಿಚೌರ್ಯದ ತಪಾಸಣೆಯಿಂದ ಈ ಪುಟವನ್ನು ಹೊರಗಿಡುತ್ತಾರೆ. ಹಾಗಾಗಿ ‘ಜ್ಞಾನಸಾಗರ’, ‘ಮಾತೃಹೃದಯಿ’ ಎಂಬ ಮಾತುಗಳು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತವೆ. ಆದರೆ ಪ್ರಬಂಧ ‘ಶೋಧಗಂಗಾ’ ಜಾಲತಾಣಕ್ಕೆ ಸೇರಿದ ಮೇಲೆ ಯಾರು ಬೇಕಾದರೂ ಅದನ್ನು ಓದಬಹುದು.

ಹೊಗಳಿಕೆಯನ್ನು ಗುರುತಿಸುವುದು ಸುಲಭ. ಗೈಡ್ ಹೆಸರು ತೆಗೆದು ಪಕ್ಕದ ವಿಭಾಗದ ಪ್ರಾಧ್ಯಾಪಕರ ಹೆಸರು ಹಾಕಿ ನೋಡಿ. ವಾಕ್ಯ ಆಗಲೂ ಸರಿಯಾಗಿಯೇ ಕೂತರೆ ಅದರಲ್ಲಿ ನಿಮ್ಮ ಗುರುಗಳ ಕೆಲಸ ಏನೂ ಇಲ್ಲ ಎಂದರ್ಥ.

ವೀರಗಲ್ಲುಗಳ ಮೇಲೆ ಕೆಲಸ ಮಾಡಿದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ‘ಸದಾ ಪ್ರೋತ್ಸಾಹಿಸಿ ದಾರಿ ತೋರಿದ ಪೂಜ್ಯ ಗುರುಗಳಿಗೆ ಚಿರಋಣಿ’ ಎಂದು ಮೊದಲು ಬರೆದಳು. ಗುರುಗಳು ನಿಜಕ್ಕೂ ಏನು ಮಾಡಿದರು ಎಂದು ನೆನೆದಾಗ ಹಳೆಯ ಕರಡು ಕೈಗೆ ಬಂತು. ಅಂಚಿನಲ್ಲಿ ಅವರ ಕೈಬರಹ: ‘ಕಲ್ಲು ನೋಡಿದ್ದೀರಾ?’ ಆಮೇಲೆ ಬರೆದದ್ದು ಹೀಗೆ:

‘ಮೂರನೆಯ ಅಧ್ಯಾಯವನ್ನು ನಾನು ಎಪಿಗ್ರಾಫಿಯಾ ಕರ್ನಾಟಿಕಾದ ಮುದ್ರಿತ ಪಾಠವನ್ನಷ್ಟೇ ನಂಬಿ ಬರೆದಿದ್ದೆ. ಊರಿಗೆ ಹೋಗಿ, ಸಂಜೆಯ ಓರೆ ಬಿಸಿಲಲ್ಲಿ ಕಲ್ಲನ್ನೇ ಓದಿ ಬರಲು ಸರ್ ಹೇಳಿದರು. ಸವೆದ ಅಕ್ಷರಗಳು ಆ ಬೆಳಕಿನಲ್ಲಿ ಎದ್ದು ಕಂಡವು. ಶಿಲ್ಪದ ಪಟ್ಟಿಕೆಗಳನ್ನೂ ಬರಹವನ್ನೂ ಒಟ್ಟಿಗೆ ಓದುವ ಕ್ರಮ ಈ ಪ್ರಬಂಧಕ್ಕೆ ಬಂದದ್ದು ಅಲ್ಲಿಂದ. ಕೊನೆಯ ಅಧ್ಯಾಯದ ನಿಲುವನ್ನು ಅವರು ಪೂರ್ತಿ ಒಪ್ಪಿಲ್ಲ. ಆಧಾರ ಸಾಕಷ್ಟಿದ್ದರೆ ಬರೆಯಿರಿ ಎಂದು ಬಿಟ್ಟುಕೊಟ್ಟರು. ಉಳಿದಿರುವ ತಪ್ಪುಗಳು ನನ್ನವು.’

ಇಲ್ಲಿ ಗುರುಗಳಿಗೆ ಒಂದೂ ವಿಶೇಷಣವಿಲ್ಲ, ಗೌರವಕ್ಕೆ ಕೊರತೆಯೂ ಇಲ್ಲ. ‘ಸರ್’, ‘ಹೇಳಿದರು’, ‘ಬಿಟ್ಟುಕೊಟ್ಟರು’ ಎಂಬಲ್ಲೇ ಮರ್ಯಾದೆ ಇದೆ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಭಿನ್ನಾಭಿಪ್ರಾಯದ ಸಾಲು. ತಮಗೆ ಒಪ್ಪಿಗೆಯಾಗದ ವಾದವನ್ನೂ ವಿದ್ಯಾರ್ಥಿಗೆ ಮಂಡಿಸಲು ಬಿಡುವ ಗೈಡ್ ಎಷ್ಟು ದೊಡ್ಡವರು ಎಂಬುದು ಸಂಶೋಧನೆ ಮಾಡಿದವರಿಗೆ ಗೊತ್ತು. ತಪ್ಪಿನ ಹೊಣೆ ಹೊತ್ತ ಕೊನೆಯ ಮಾತೂ ಬೇಕೇ ಬೇಕು. ಪ್ರಮಾಣಪತ್ರಕ್ಕೆ ಸಹಿ ಹಾಕಿರುವುದು ಅವರು. ಓದಿನ ದೋಷ ಅವರ ತಲೆಗೆ ಬರಬಾರದು.

ಸಹಿ ಹಾಕಿದ್ದಕ್ಕೆ, ರಜೆ ಮಂಜೂರು ಮಾಡಿದ್ದಕ್ಕೆ ಉದ್ದುದ್ದ ವಂದನೆ ಬೇಡ, ಒಂದು ಸಾಲು ಸಾಕು. ಗೈಡ್ ಮಾಡದ ಕೆಲಸವನ್ನು ಅವರ ಲೆಕ್ಕಕ್ಕೆ ಬರೆಯುವುದೂ ಬೇಡ. ಹಳಗನ್ನಡ ಓದಿಸಿದ್ದು ಬೇರೆ ಮೇಷ್ಟ್ರಾದರೆ, ಆ ಸಾಲು ಅವರಿಗೇ ಸೇರಬೇಕು.

ಪುಟ ಮುಗಿದ ಮೇಲೆ, ಅಚ್ಚಿಗೆ ಹೋಗುವ ಮೊದಲೇ ಗುರುಗಳಿಗೆ ತೋರಿಸುವುದು ಒಳ್ಳೆಯದು. ತಾವು ಹಾಗೆ ಹೇಳಿಲ್ಲ ಎಂದು ಅವರು ತಿದ್ದಿದರೆ ತಿದ್ದಿಕೊಳ್ಳಬಹುದು.