ಹುಳ ದೀಪವನ್ನು ಏಕೆ ಸುತ್ತುತ್ತದೆ?

ಸಂಜೆ ದೀಪ ಹಾಕಿದ ಕೂಡಲೇ ಪತಂಗದ ಹುಳ ಬರುತ್ತದೆ. ದೀಪವನ್ನು ಗಿರಗಿರನೆ ಸುತ್ತುತ್ತದೆ. ಸುತ್ತಿ ಸುತ್ತಿ ಸಾರಿನ ಪಾತ್ರೆಗೇ ಬೀಳುತ್ತದೆ. ಹೊರಗೆ ಅಷ್ಟು ಜಾಗ ಇದೆ. ಹಾರಿ ಹೋಗಬಾರದೆ?

ಹುಳಕ್ಕೆ ದೀಪದ ಮೇಲೆ ಆಸೆ ಅಂತ ಕೆಲವರು ಹೇಳುತ್ತಾರೆ. ಬಿಸಿಗೆ ಬರುತ್ತದೆ ಅಂತ ಇನ್ನು ಕೆಲವರು ಹೇಳುತ್ತಾರೆ. ಆದರೆ ಅಷ್ಟೇನೂ ಬಿಸಿಯಾಗದ ಟ್ಯೂಬ್‌ಲೈಟಿಗೂ ಹುಳ ಬರುತ್ತದಲ್ಲ!

ಕಾರಣ ಇರುವುದು ಹುಳದ ಬೆನ್ನಿನಲ್ಲಿ.

ಹಾರುವ ಹುಳಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ಗೊತ್ತಾಗಬೇಕು. ಇಲ್ಲದಿದ್ದರೆ ಬಿದ್ದು ಹೋಗುತ್ತದೆ. ರಾತ್ರಿ ಆಕಾಶ ನೆಲಕ್ಕಿಂತ ಸ್ವಲ್ಪ ಬೆಳ್ಳಗೆ ಇರುತ್ತದೆ. ಚಂದ್ರ ಇಲ್ಲದ ದಿನವೂ ಹಾಗೇ. ಅದಕ್ಕೆ ಹುಳ ಬೆಳಕಿನ ಕಡೆ ಬೆನ್ನು ಮಾಡಿ ಹಾರುತ್ತದೆ. ಬೆನ್ನು ಆಕಾಶಕ್ಕೆ, ಹೊಟ್ಟೆ ನೆಲಕ್ಕೆ. ಮನುಷ್ಯರ ದೀಪ ಇಲ್ಲದ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ.

ಈಗ ಒಂದು ಹುಳ ನಿಮ್ಮ ಜಗಲಿಯ ಬಲ್ಬಿನ ಪಕ್ಕ ಹಾರುತ್ತಿದೆ ಅನ್ನಿ. ಬಲ್ಬು ಅದರ ಬಲಗಡೆ ಇದೆ. ಬಲ್ಬು ಆಕಾಶಕ್ಕಿಂತ ಬಹಳ ಬೆಳಕು. ಹುಳ ಅದನ್ನೇ ಆಕಾಶ ಎಂದುಕೊಂಡು ಬೆನ್ನನ್ನು ಆ ಕಡೆ ವಾಲಿಸುತ್ತದೆ. ಸೈಕಲ್ಲು ಬಲಕ್ಕೆ ವಾಲಿದರೆ ಬಲಕ್ಕೇ ತಿರುಗುತ್ತದೆ ಅಲ್ಲವೇ? ಹುಳವೂ ಹಾಗೇ ಬಲಕ್ಕೆ ತಿರುಗುತ್ತದೆ. ತಿರುಗಿದರೂ ಬಲ್ಬು ಬಲಗಡೆಯೇ ಉಳಿಯಿತು! ಮತ್ತೆ ವಾಲುತ್ತದೆ, ಮತ್ತೆ ತಿರುಗುತ್ತದೆ. ಹೀಗೆ ಸುತ್ತು ಮುಗಿಯುವುದೇ ಇಲ್ಲ.

ಬಲ್ಬಿನ ಮೇಲುಗಡೆ ಹಾರಿದ ಹುಳದ ಗತಿ ಇನ್ನೂ ಕಷ್ಟ. ಬೆಳಕು ಕೆಳಗಿದೆ. ಬೆನ್ನನ್ನು ಕೆಳಕ್ಕೆ ಮಾಡಲು ಹೋಗಿ ಮಗುಚಿಕೊಳ್ಳುತ್ತದೆ. ದೊಪ್ಪನೆ ಬೀಳುತ್ತದೆ.

ವಿಜ್ಞಾನಿಗಳು ಹುಳಗಳು ಹಾರುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ಇದನ್ನು ಕಂಡುಕೊಂಡರು. ಅವರ ವರದಿ 2024ರಲ್ಲಿ ಅಚ್ಚಾಯಿತು. ಅವರು ಬಿಳಿ ಬಟ್ಟೆಯಿಂದಲೂ ಪರೀಕ್ಷೆ ಮಾಡಿದರು. ಬಟ್ಟೆಯನ್ನು ಚಪ್ಪರದ ಹಾಗೆ ಮೇಲೆ ಕಟ್ಟಿ ಬೆಳಕು ಬಿಟ್ಟಾಗ ಹುಳಗಳು ಅದರ ಕೆಳಗೆ ನೆಟ್ಟಗೆ ಹಾರಿ ಹೋದವು. ಅದೇ ಬೆಳಕನ್ನು ನೆಲದ ಮೇಲೆ ಹಾಸಿದ ಬಟ್ಟೆಗೆ ಬಿಟ್ಟಾಗ ಮಗುಚಿ ಬಿದ್ದವು.

ಎಲ್ಲ ಹುಳವೂ ಹೀಗೆ ಸಿಕ್ಕಿಬೀಳುವುದಿಲ್ಲ. ನಮ್ಮ ಕಣಗಿಲೆ ಗಿಡದ ಎಲೆ ತಿಂದು ಬೆಳೆಯುವ ಒಂದು ದೊಡ್ಡ ಹಸಿರು ಪತಂಗ ಇದೆ. ಅದು ದೀಪದ ಮೇಲೆಯೇ ಹಾರಿದರೂ ಮಗುಚಲಿಲ್ಲ. ಜಾಣ ಹುಳ! ದೂರದ ಹುಳ ದೀಪದ ಹತ್ತಿರಕ್ಕೆ ಏಕೆ ಬರುತ್ತದೆ ಎನ್ನುವುದು ಬೇರೆ ಮಾತು. ಈ ಪರೀಕ್ಷೆ ಹತ್ತಿರ ಬಂದ ಹುಳದ್ದು ಮಾತ್ರ.

ಇವತ್ತು ರಾತ್ರಿ ನೀವೇ ನೋಡಿ. ಸುತ್ತುವ ಹುಳದ ಬೆನ್ನು ಯಾವ ಕಡೆ ಇದೆ? ಮುಖ ದೀಪದ ಕಡೆ ಇರುವುದಿಲ್ಲ, ಬೆನ್ನು ಇರುತ್ತದೆ. ಆಮೇಲೆ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಸ್ವಲ್ಪ ಹೊತ್ತು ದೀಪ ಆರಿಸಿ. ಹುಳದ ಸುತ್ತಾಟ ನಿಲ್ಲುತ್ತದೆ.