ಮಾರ್ಚ್ 31ಕ್ಕೆ ಬಾಕಿ ಎಷ್ಟು?

2025ರ ಮೇ ತಿಂಗಳಲ್ಲಿ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಒಂದು ಕಾಗದ ಬಂತು. ಆ ಅಂಗಡಿಯ ಲೆಕ್ಕ ನಾನೇ ನೋಡಿಕೊಳ್ಳುವುದು. ಕಾಗದದ ತಲೆಯಲ್ಲಿ ಪೈಪು ಪೂರೈಸುವ ಬೆಂಗಳೂರಿನ ಕಂಪನಿಯ ಹೆಸರಿತ್ತು, ಉತ್ತರ ಕಳಿಸಬೇಕಾದ ವಿಳಾಸ ಮಾತ್ರ ಅವರ ಆಡಿಟರದು. ‘ನಮ್ಮ ಪುಸ್ತಕದ ಪ್ರಕಾರ 31-3-2025ಕ್ಕೆ ನೀವು ಕೊಡಬೇಕಾದ ಬಾಕಿ 4,82,600 ರೂಪಾಯಿ. ಒಪ್ಪಿಗೆಯಿದ್ದರೆ ಸಹಿ ಮಾಡಿ, ಇಲ್ಲದಿದ್ದರೆ ನಿಮ್ಮ ಲೆಕ್ಕದ ಮೊತ್ತ ತಿಳಿಸಿ’ ಎಂದಿತ್ತು.

ಯಜಮಾನರು ಮೊದಲು ಅದನ್ನು ಹಣದ ತಗಾದೆ ಎಂದುಕೊಂಡರು. ಅಲ್ಲವೆಂದು ತಿಳಿದ ಮೇಲೆ, “ಕಂಪನಿಯ ಅಕೌಂಟೆಂಟ್‌ಗೇ ಫೋನ್ ಮಾಡಿ ಎಷ್ಟು ಬರೀಲಿ ಅಂತ ಕೇಳಿಬಿಡ್ಲಾ ಸಾರ್?” ಎಂದರು. ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ಹಾಗೆ ಕೇಳಿ ಬರೆದರೆ ಕಾಗದ ಬಂದ ಉದ್ದೇಶವೇ ಕೆಡುತ್ತದೆ. ಕಂಪನಿ ತನ್ನ ಪುಸ್ತಕದಲ್ಲಿ ಬರೆದುಕೊಂಡ ಬಾಕಿ ನಿಜವೇ ಎಂದು ಹೊರಗಿನವರಿಂದ ತಿಳಿಯಲು ಆಡಿಟರು ಹೊರಟಿರುತ್ತಾರೆ. ವರ್ಷದ ಕೊನೆಯ ವಾರ ನಿಮ್ಮ ಹೆಸರಿಗೆ ಸುಳ್ಳು ಬಿಲ್ಲು ಹರಿದು ವ್ಯಾಪಾರ ದೊಡ್ಡದಾಗಿ ತೋರಿಸಿ, ಏಪ್ರಿಲ್‌ನಲ್ಲಿ ಕ್ರೆಡಿಟ್ ನೋಟ್ ಹಾಕಿ ಅದನ್ನು ಅಳಿಸುವುದುಂಟು. ಅದನ್ನು ಹಿಡಿಯಬಲ್ಲವರು ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರು. ಆದ್ದರಿಂದಲೇ ಉತ್ತರ ಕಂಪನಿಯ ಕೈ ಸೇರದೆ ನೇರವಾಗಿ ಆಡಿಟರಿಗೆ ಹೋಗಬೇಕು.

ನಾವು ನಮ್ಮ ಲೆಡ್ಜರ್ ತೆಗೆದೆವು. ಅದರಲ್ಲಿದ್ದ ಬಾಕಿ 3,71,400 ರೂಪಾಯಿ. ಅಂದರೆ 1,11,200 ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಕಂಡೊಡನೆ ಯಾರೋ ತಪ್ಪು ಮಾಡಿದ್ದಾರೆಂದು ಭಾವಿಸಬೇಕಿಲ್ಲ. ಇಲ್ಲಿ ಬಹುಪಾಲು ತಾರೀಖಿನ ಆಟ. ಆ ವರ್ಷ ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನ ರಂಜಾನ್. ನಾವು 28ರಂದು ಕೊರಿಯರ್ ಮಾಡಿದ 40,000 ರೂಪಾಯಿಯ ಚೆಕ್ ಅವರಿಗೆ ತಲುಪಿದ್ದು ಏಪ್ರಿಲ್ 2ಕ್ಕೆ. ನಾವು ಮಾರ್ಚ್‌ನಲ್ಲೇ ಕಳೆದಿದ್ದೆವು, ಅವರು ಕಳೆದಿರಲಿಲ್ಲ. ಹಾಗೆಯೇ 29ಕ್ಕೆ ಅವರು ಬಿಲ್ಲು ಮಾಡಿ ಲಾರಿಗೆ ಹಾಕಿದ 64,000 ರೂಪಾಯಿಯ ಪೈಪು ನಮ್ಮ ಗೋಡೌನಿಗೆ ಬಂದದ್ದೂ 2ರಂದೇ. ಇನ್ನುಳಿದ 7,200 ರೂಪಾಯಿ ಒಡೆದ ಫಿಟ್ಟಿಂಗುಗಳದು. ಅದಕ್ಕೆ ನಾವು ಫೆಬ್ರುವರಿಯಲ್ಲಿ ಡೆಬಿಟ್ ನೋಟ್ ಕಳಿಸಿದ್ದೆವು, ಅವರು ಒಪ್ಪಿರಲಿಲ್ಲ.

ಲಾರಿಯಲ್ಲಿದ್ದ ಮಾಲಿನ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಮಾಲು ಕೈಗೆ ಬಂದಮೇಲೆ ತಾನೇ ಸಾಲ ಎಂದು ಯಜಮಾನರ ವಾದ. ಅದು ಆರ್ಡರಿನ ಷರತ್ತಿನ ಮೇಲೆ ನಿಂತಿದೆ. ಅಂಗಡಿಗೆ ತಲುಪಿಸುವ ಹೊಣೆ ಕಂಪನಿಯದಾಗಿದ್ದರೆ ಮಾರ್ಚ್ 31ಕ್ಕೆ ಆ ಸಾಲ ಇನ್ನೂ ಹುಟ್ಟಿಲ್ಲ. ಲಾರಿಗೆ ಹಾಕಿದ ಕೂಡಲೇ ಮಾಲು ನಮ್ಮದಾಗುವ ಒಪ್ಪಂದವಾಗಿದ್ದರೆ ಸಾಲವೂ ಮಾರ್ಚ್‌ನದೇ. ಆಗ ನಮ್ಮ ಪುಸ್ತಕದಲ್ಲೇ ಆ ಖರೀದಿ ಬರೆದು, ದಾರಿಯಲ್ಲಿರುವ ಮಾಲನ್ನು ದಾಸ್ತಾನಿಗೆ ಸೇರಿಸಬೇಕು. ನಮ್ಮ ಆರ್ಡರಿನಲ್ಲಿ ‘ಅಂಗಡಿ ಬಾಗಿಲಿಗೆ’ ಎಂದಿತ್ತು. ಬಿಲ್ಲು ನಿಜವೆಂಬುದಕ್ಕೆ ಲಾರಿ ರಸೀದಿ ಇತ್ತು, ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲೂ ಅದು ಕಾಣುತ್ತಿತ್ತು. ಪಟ್ಟಿಯಲ್ಲಿ ಬಿಲ್ಲಿದ್ದು ಮಾಲೇ ಬಂದಿಲ್ಲವೆಂದಾಗಿದ್ದರೆ ಅದನ್ನು ಆಡಿಟರಿಗೆ ಖಂಡಿತ ಬರೆಯಬೇಕಿತ್ತು.

“ಏಳು ಸಾವಿರಕ್ಕೆ ಯಾಕೆ ತಲೆನೋವು, ಅವರ ಮೊತ್ತಕ್ಕೇ ಸಹಿ ಹಾಕಿಬಿಡೋಣ” ಎಂದರು ಯಜಮಾನರು. ನಾನು ಒಪ್ಪಲಿಲ್ಲ. 1963ರ ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ದಾವೆಯ ಅವಧಿ ಮುಗಿಯುವ ಮುನ್ನ ಸಾಲವನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. ಇಂಥ ಬಾಕಿಗೆ ಅದು ಸಾಮಾನ್ಯವಾಗಿ ಮೂರು ವರ್ಷ. ಆಡಿಟರಿಗೆಂದು ಹಾಕಿದ ಸಹಿಯನ್ನೂ ನಾಳೆ ಕಂಪನಿ ಕೋರ್ಟಿನಲ್ಲಿ ತೋರಿಸಬಹುದು. ಒಡೆದ ಮಾಲಿನ ತಕರಾರನ್ನು ನಾವೇ ಕೈಬಿಟ್ಟಂತೆಯೂ ಆಗುತ್ತಿತ್ತು.

ಕೊನೆಗೆ ಲೆಟರ್‌ಹೆಡ್ಡಿನಲ್ಲಿ ಬರೆದದ್ದು ಇಷ್ಟು: ‘31-3-2025ಕ್ಕೆ ನಮ್ಮ ಪುಸ್ತಕದಂತೆ ನಾವು ಕೊಡಬೇಕಾದ ಬಾಕಿ 3,71,400 ರೂಪಾಯಿ. ನಿಮ್ಮ ಮೊತ್ತಕ್ಕೂ ಇದಕ್ಕೂ ಇರುವ 1,11,200 ರೂಪಾಯಿ ವ್ಯತ್ಯಾಸದ ವಿವರ ಲಗತ್ತಿಸಿದೆ. ಇದರಲ್ಲಿ 7,200 ರೂಪಾಯಿ ತಕರಾರಿನಲ್ಲಿದೆ.’ ಕೆಳಗೆ ಚೆಕ್ಕಿನ, ಬಿಲ್ಲಿನ, ಡೆಬಿಟ್ ನೋಟಿನ ನಂಬರು ಮತ್ತು ತಾರೀಖು. ಜೊತೆಗೆ ವರ್ಷದ ಲೆಡ್ಜರ್ ಪ್ರತಿ, ಲಾರಿ ರಸೀದಿ, ಯಜಮಾನರ ಸಹಿ, ಸೀಲು. ಏಪ್ರಿಲ್‌ನಲ್ಲಿ ಕಟ್ಟಿದ ಹಣವನ್ನು ಬಾಕಿಯಿಂದ ಕಳೆಯಲಿಲ್ಲ, ಯಾಕೆಂದರೆ ಅವರು ಕೇಳಿದ್ದು ಮಾರ್ಚ್ 31ರ ಬಾಕಿಯನ್ನು.

ಕಳಿಸುವ ಮುನ್ನ ಆಡಿಟರ ಇಮೇಲ್ ವಿಳಾಸ ನಿಜವೇ ಎಂದು, ಕಾಗದದಲ್ಲಿದ್ದ ನಂಬರಿಗೆ ಬದಲು ಅವರ ಕಚೇರಿಯ ನಂಬರನ್ನು ಬೇರೆ ಕಡೆ ಹುಡುಕಿ ವಿಚಾರಿಸಿದೆವು. ಬಾಕಿ ಖಾತ್ರಿಯ ನೆಪದಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಲ್ಲಿಗೆ ಹಣ ಹಾಕಿ’ ಎಂದು ಬರೆಯುವ ವಂಚಕರಿದ್ದಾರೆ. ಆಡಿಟರು ಹಣ ಕೇಳುವುದಿಲ್ಲ, ಖಾತೆ ಬದಲಿಸಲು ಹೇಳುವುದೂ ಇಲ್ಲ.

ಹತ್ತು ದಿನದ ಬಳಿಕ ಅವರ ಕಚೇರಿಯಿಂದ ಫೋನು ಬಂತು. ಅವರಿಗೆ ಬೇಕಿದ್ದದ್ದು ಒಂದೇ, ಆರ್ಡರಿನ ಪ್ರತಿ. ‘ಅಂಗಡಿ ಬಾಗಿಲಿಗೆ’ ಎಂದಿದ್ದ ಆ ಹಾಳೆಯನ್ನು ಅಂದೇ ಸಂಜೆ ಕಳಿಸಿದೆವು.